ನರಸಪ್ಪ ಸಿಗಲಿಲ್ಲ

"ಹೋಗಬ್ಯಾಡ ಕಣೇ," ಅಂದಳು ಮಂಜುಳ. "ನನ್ನ ಆಚೆಗೆ ಹಾಕಿದ ಆಫೀಸಿನ ಮೆಟ್ಟಿಲು ನೀನು ಹೋಗಿ ಹತ್ತಿದ್ರೆ, ನನ್ ಮುಖಕ್ಕೆ ಇನ್ನೊಂದ್ಸಲ ಹೊಡ್ದಂಗೆ."

ತಂಗಿ ಪವಿತ್ರ, ಹೋಗಬೇಡ ಅಂದ ಕಡೆಗೇ ಹೋಗುವ ಜಾತಿಯವಳು. ಚಿಕ್ಕಂದಿನಲ್ಲಿ ಬಾವಿ ಕಟ್ಟೆ ಹತ್ತಬೇಡ ಅಂದರೆ ಹತ್ತಿದ್ದಳು, ಅನಂತಪುರದ ಕಾಲೇಜಿನಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಬೇಡ, ಬಿ.ಎಡ್. ಮಾಡಿಕೋ ಅಂದರೆ ಕಂಪ್ಯೂಟರನ್ನೇ ಓದಿದ್ದಳು. ಈಗ ಅಕ್ಕ ಅಡ್ಡ ನಿಂತರೆ ಕೇಳುತ್ತಾಳೆಯೇ? ಚಪ್ಪಲಿ ಮೆಟ್ಟುತ್ತಲೇ ಹೇಳಿದಳು, "ನಿನ್ನ ಆಚೆಗೆ ಹಾಕಿದೋರ ಮುಖ ಒಂದ್ಸಲ ನೋಡ್ಕೊಂಡು ಬತ್ತೀನಿ, ತಡಿಯಕ್ಕ."

ಮಂಜುಳನ ಕಥೆ ಆಂಧ್ರದ ಗಡಿಯೂರು ರೊಳ್ಳದ ಸುತ್ತಮುತ್ತ ಎಲ್ಲರಿಗೂ ಗೊತ್ತಾಗಿತ್ತು, ಅದೇ ಅವಳ ಸಂಕಟ. ರಾಯದುರ್ಗದಲ್ಲೊಂದು ಸಣ್ಣ ಕಂಪನಿ 'ಮಂದೆ' ಅನ್ನುವ ಆ್ಯಪ್ ಮಾಡಿತ್ತು. ಕುರಿಗಾರರ ಹೆಸರುಗಳ ಪಟ್ಟಿ ಅದರೊಳಗೆ ಮೊದಲೇ ಇರುತ್ತದೆ. ಕಂಪನಿಯ ಆಪರೇಟರು ಕುರಿ ಕೂಡುವ ರೊಪ್ಪದಿಂದ ರೊಪ್ಪಕ್ಕೆ ಹೋಗಿ ಕುರಿಗಾರನ ಹೆಸರು ಹೊಡೆದರೆ ಆ್ಯಪ್ ಪಟ್ಟಿಯಲ್ಲಿ ಅವನನ್ನು ಹುಡುಕುತ್ತದೆ, ಸಿಕ್ಕಿದರೆ ಲಸಿಕೆ ಗಾಡಿ ಅವನ ರೊಪ್ಪಕ್ಕೆ ಬರುತ್ತದೆ. ಮಂಜುಳ ಆ ಕೆಲಸದಲ್ಲಿದ್ದಳು. ಕೆಲ ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಅವಳು ಹೊಡೆದ ಹೆಸರು ಯಾವುದೂ ಸಿಗಲಿಲ್ಲ. ನರಸಪ್ಪ ಸಿಗಲಿಲ್ಲ, ತಿಪ್ಪಮ್ಮ ಸಿಗಲಿಲ್ಲ, ಗೋಪಾಲಪ್ಪ ಸಿಗಲಿಲ್ಲ. ಕುರಿಗಳ ನೀಲಿನಾಲಿಗೆ ರೋಗದ ಲಸಿಕೆಯ ಗಾಡಿ ನರಸಪ್ಪನ ರೊಪ್ಪದ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಯಿತು, ನಿಲ್ಲಲಿಲ್ಲ. ಕಂಪನಿಯವರು ಆ್ಯಪಿನ ನೋಟೀಸು ಪುಟದಲ್ಲಿ ಎಲ್ಲ ಆಪರೇಟರುಗಳಿಗೂ ಕಾಣುವ ಹಾಗೆ ತೆಲುಗಿನಲ್ಲಿ ಹಾಕಿದರು: ಹೆಸರುಗಳನ್ನು ತಪ್ಪಾಗಿ ಬರೆದಿದ್ದಕ್ಕೆ ಮಂಜುಳ ಅವರನ್ನು ಕೆಲಸದಿಂದ ತೆಗೆಯಲಾಗಿದೆ.

ಅಲ್ಲಿಂದ ಶುರುವಾಯಿತು ನೋಡಿ. ನೀರಿಗೆ ಹೋದರೆ ಒಬ್ಬಳು, ಅಂಗಡಿಗೆ ಹೋದರೆ ಇನ್ನೊಬ್ಬ. "ಏನಮ್ಮಿ, ನರಸಪ್ಪ ಅಂತ ಬರೆಯಾಕೂ ಬರಲ್ವಂತಲ್ಲ ನಿಂಗೆ?" ಹತ್ತನೇ ಕ್ಲಾಸಿನಲ್ಲಿ ಕನ್ನಡ, ತೆಲುಗು ಎರಡೂ ಭಾಷೆಯಲ್ಲಿ ಶಾಲೆಗೇ ಮೊದಲು ಬಂದವಳಿಗೆ ಈ ಮಾತು! ಮಂಜುಳ ಉತ್ತರ ಕೊಡುವುದನ್ನೇ ಬಿಟ್ಟಳು. ಅಂಗಡಿಗೆ ಹೋಗುವುದನ್ನೂ ಬಿಟ್ಟಳು. ಪವಿತ್ರನಿಗೆ ಮೈ ಉರಿದದ್ದು ಅಕ್ಕನ ಕೆಲಸ ಹೋಗಿದ್ದಕ್ಕಲ್ಲ. ಅಕ್ಕನ ಬಾಯಿ ಕಟ್ಟಿತಲ್ಲ, ಅದಕ್ಕೆ.

ಅದೇ ಕಂಪನಿಯವರು ಪ್ರೋಗ್ರಾಮರ್ ಬೇಕು ಅಂತ ಹಾಕಿದ್ದು ಕಣ್ಣಿಗೆ ಬಿದ್ದಾಗ ಅವಳು ಅರ್ಜಿ ಹಾಕಿದ್ದು ಅರ್ಧ ಕೆಲಸಕ್ಕೆ, ಅರ್ಧ ಜಗಳಕ್ಕೆ. ಮೊದಲ ಎರಡು ಸುತ್ತು ಫೋನಿನಲ್ಲೇ ಮುಗಿದಿದ್ದವು. ಮೂರನೆಯದಕ್ಕೆ ಖುದ್ದಾಗಿ ಬರಬೇಕಂತೆ. ಅದಕ್ಕೆ 'ಡಿಬಗ್ಗಿಂಗ್ ರೌಂಡ್' ಅಂತ ಹೆಸರು. ಕೆಟ್ಟುನಿಂತ ಕೋಡ್ ಒಂದನ್ನು ಕೈಗೆ ಕೊಡುತ್ತಾರೆ, ಅದು ಬಿಟ್ಟುಹೋದ ಲಾಗ್ ಕೊಡುತ್ತಾರೆ, ಅಂದರೆ ಯಾವಾಗ ಏನಾಯಿತು ಅಂತ ಯಂತ್ರ ತಾನೇ ಬರೆದಿಟ್ಟ ಸಾಲುಗಳು. ಎಲ್ಲಿ ಕೆಟ್ಟಿದೆ ಅಂತ ಹುಡುಕಬೇಕು. ಹುಡುಕುತ್ತಾ ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು.

ಮಡಕಶಿರದಲ್ಲಿ ಒಂದು ಬಸ್ಸು, ಕಲ್ಯಾಣದುರ್ಗದಲ್ಲಿ ಇನ್ನೊಂದು. ರಾಯದುರ್ಗದಲ್ಲಿ ಇಳಿಯುವಾಗ ಸೊಂಟ ತನ್ನದೋ ಬಸ್ಸಿನದೋ ಗೊತ್ತಾಗದ ಸ್ಥಿತಿ. ಆಫೀಸು ಒಂದು ಜೀನ್ಸ್ ಹೊಲಿಯುವ ಶೆಡ್ಡಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಮಿಷನ್ನುಗಳು ಒಂದೇ ಸಮನೆ ಗುರ್ ಅನ್ನುತ್ತಿದ್ದವು, ಮೆಟ್ಟಿಲ ತುಂಬ ನೀಲಿ ಬಟ್ಟೆಯ ಚೂರು. ಅವಳು ಆ ಮೆಟ್ಟಿಲನ್ನು ಬೇಕೆಂದೇ ಸದ್ದು ಮಾಡಿ ಹತ್ತಿದಳು.

ಒಳಗೆ ಇಬ್ಬರಿದ್ದರು. ಈಶ್ವರ್, ಕಂಪನಿ ಕಟ್ಟಿದವನು, ರಾಯದುರ್ಗದವನೇ. ಮಾತಿನಲ್ಲಿ ಬಳ್ಳಾರಿ ಕಡೆಯ ಮರ್ಯಾದೆ ತುಂಬಿ ತುಳುಕುತ್ತಿತ್ತು, ಕೇಳುವ ತಾಳ್ಮೆ ಮಾತ್ರ ಇರಲಿಲ್ಲ. ಇನ್ನೊಬ್ಬರು ಕೃಷ್ಣವೇಣಿ ಮೇಡಂ, ಕೋಡ್ ಬರೆಯುವವರಿಗೆಲ್ಲ ಹಿರಿಯರು, ಮನೆಮಾತು ತೆಲುಗು. ಅವರು ಮಾತು ಕಡಿಮೆ, ನೋಟ ಜಾಸ್ತಿ.

"ಬರ್ರಿ, ಕುಂದರ್ರಿ. ರೊಳ್ಳದಿಂದ ಬಂದೀರಿ, ದೂರ ಆತು," ಅಂದ ಈಶ್ವರ್. "ಇದು ಪುಸ್ತಕದ ಪ್ರಶ್ನಿ ಅಲ್ಲ ನೋಡ್ರಿ. ನಮ್ಮ ಆ್ಯಪಿನಾಗ ಖರೇನ ಆಗಿದ್ದು." ಎರಡು ಹಾಳೆ ಮುಂದೆ ತಳ್ಳಿದ, ಪಕ್ಕಕ್ಕೊಂದು ಲ್ಯಾಪ್‌ಟಾಪ್ ಇಟ್ಟ. "ಕಾರಣ ನಮಗ ಗೊತ್ತೈತಿ, ಅದರ ತಲಿನೋವು ನಿಮಗ ಬ್ಯಾಡ. ಒಬ್ಬ ಆಪರೇಟರು ಹೆಸರು ತಪ್ಪು ತಪ್ಪು ಹೊಡೀತಿದ್ಲು. ಅಂಥಾ ಬೇಜವಾಬ್ದಾರಿ ಮಂದಿ ಹೊಡದ್ರೂ ಕೋಡ್ ಹೆಂಗ ತಾಳ್ಕೋಬೇಕು, ಅಷ್ಟು ಮಾಡಿ ತೋರಿಸ್ರಿ ಸಾಕು."

ಪವಿತ್ರ ಲಾಗ್ ಹಾಳೆಯ ಮೇಲೆ ಕಣ್ಣಾಡಿಸಿದಳು. ಸಾಲು ಸಾಲಾಗಿ op07, op07, op07. ಮುಂದೆ ನರಸಪ್ಪ, ತಿಪ್ಪಮ್ಮ, ಗೋಪಾಲಪ್ಪ. ಸಾಲಿನ ಕೊನೆಗೆಲ್ಲ NOT FOUND, ಸಿಗಲಿಲ್ಲ. op07 ಅನ್ನುವ ಅಂಕಿ ಅವರ ಮನೆಯ ಗೂಟದಲ್ಲಿ ಎಷ್ಟೋ ದಿನ ನೇತಾಡಿತ್ತು, ಮಂಜುಳನ ಕೊರಳ ಗುರುತಿನ ಚೀಟಿಯಲ್ಲಿ.

ಇಪ್ಪತ್ತು ಊರು ದಾಟಿ ಬಂದರೆ, ಅಕ್ಕನ ಅವಮಾನವನ್ನೇ ಹಾಳೆಯಲ್ಲಿ ಅಚ್ಚು ಹಾಕಿಸಿ ಪರೀಕ್ಷೆಗೆ ಕೊಟ್ಟಿದ್ದಾರೆ! ಎದ್ದು ಮೇಜು ತಟ್ಟಿಬಿಡಲೇ ಅನ್ನಿಸಿತು. 'ಅವಳು ನಮ್ಮಕ್ಕ' ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಬಂದಿದ್ದನ್ನು ನುಂಗಿಕೊಂಡಳು. ತಂಗಿ ಅಂತ ಗೊತ್ತಾದರೆ ಅವಳು ಏನೇ ತೋರಿಸಿದರೂ ಅದು ತಂಗಿಯ ಮಾತಾಗುತ್ತದೆ. ಇಲ್ಲಿ ಮಾತಾಡಬೇಕಾದ್ದು ಲಾಗ್.

"ಸರ್," ಅಂದಳು, "ಕಾರಣ ನೀವೇ ಹೇಳಿ ಕೊಟ್ಟ ಮೇಲೆ ನಾನು ಹುಡುಕೋದೇನು? ನನಗೆ ಕಾರಣ ಗೊತ್ತಿಲ್ಲ ಅಂದ್ಕೊಂಡೇ ಶುರು ಮಾಡ್ತೀನಿ."

ಈಶ್ವರ್ ಹುಬ್ಬೇರಿಸಿದ. ಕೃಷ್ಣವೇಣಿ ಮೇಡಂ ಪೆನ್ನು ಕೆಳಗಿಟ್ಟು ಸರಿಯಾಗಿ ಕುಳಿತರು. "ಮಾಡಮ್ಮಾ," ಅಂದರು.

ಕೋಡ್ ಹಾಳೆಯಲ್ಲಿ ಹೆಚ್ಚೇನೂ ಇರಲಿಲ್ಲ. ಆಪರೇಟರು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ, ಆ್ಯಪ್ ಅದನ್ನು ನಮ್ಮ ಲಿಪಿಗೆ ತಿರುಗಿಸಿಕೊಂಡು ಪಟ್ಟಿಯ ಜೊತೆ ಹೋಲಿಸುತ್ತದೆ. ಮುಖ್ಯ ಸಾಲುಗಳು ಎರಡೇ:

typed = toScript(input, phone.lang)
if typed == owner.name

ಓದಿದರೆ ಎಲ್ಲ ನೆಟ್ಟಗೇ ಇದೆ ಅನ್ನಿಸುವ ಕೋಡ್. ಅಂಥ ಕೋಡೇ ಅಪಾಯ ಅಂತ ಪವಿತ್ರನಿಗೆ ಗೊತ್ತಿತ್ತು. ಕೋಡನ್ನು ಬಿಟ್ಟು ಮೊದಲು ಲಾಗ್ ಹಿಡಿದಳು.

"ಕೆಟ್ಟ ಸಾಲುಗಳನ್ನ ಎಲ್ಲರೂ ನೋಡ್ತಾರೆ," ಅಂದಳು. "ನಾನು ಸರಿಯಾದ ಸಾಲುಗಳನ್ನೂ ನೋಡ್ತೀನಿ. ಎರಡರ ನಡುವೆ ಏನು ಬದಲಾಗಿದೆ ಅನ್ನೋದೇ ಬೇಕು."

ಹಾಳೆಯ ಮೇಲ್ಭಾಗದಲ್ಲಿ op07 ಸಾಲುಗಳೇ ಇದ್ದವು, ಆದರೆ ಕೊನೆಯಲ್ಲಿ OK. ಅದೇ ಆಪರೇಟರು, ಅದೇ ನರಸಪ್ಪ. ಪಕ್ಕದಲ್ಲಿ ಆ್ಯಪಿನ ಆವೃತ್ತಿ: ಮೂರು. ಸ್ವಲ್ಪ ಕೆಳಗೆ ಬಂದರೆ ಆವೃತ್ತಿ ನಾಲ್ಕು ಆಗುತ್ತದೆ. ಅಲ್ಲಿಂದಾಚೆಗೆ ಎಲ್ಲ NOT FOUND.

"ಇವರು ಹಳೇ ಆವೃತ್ತಿಯಲ್ಲಿ ಸರಿಯಾಗಿ ಹೊಡೀತಿದ್ರು. ಆ್ಯಪ್ ಅಪ್‌ಡೇಟ್ ಆದ ಬೆಳಗ್ಗೆಯಿಂದ ತಪ್ಪು ಹೊಡೀತಿದ್ದಾರೆ. ರಾತ್ರಿ ಮಲಗಿ ಎದ್ದಾಗ ಯಾರಿಗೂ ಅಕ್ಷರ ಮರೆತು ಹೋಗಲ್ಲ ಸರ್."

"ಅಪ್‌ಡೇಟ್ ಎಲ್ಲರಿಗೂ ಆತಲ್ರಿ," ಅಂದ ಈಶ್ವರ್. "ಬ್ಯಾರೇ ಆಪರೇಟರುಗಳಿಗೆ ಯಾಕ ಆಗಲಿಲ್ಲ ಹಂಗಾದ್ರ? ಅವರೂ ನಾಲ್ಕನೇ ಆವೃತ್ತಿನ ಬಳಸ್ತಾರ. ಎಲ್ಲಾರದೂ ಸಿಗತೈತಿ, ಆಕೀದು ಒಂದು ಬಿಟ್ಟು."

ಮಾತು ಸರಿಯಾಗಿಯೇ ಇತ್ತು. ಪವಿತ್ರನಿಗೆ ಅದು ಇಷ್ಟವಾಗಲಿಲ್ಲ, ಆದರೆ ಇಷ್ಟವಾಗದ್ದನ್ನು ತಳ್ಳಿಹಾಕಿದರೆ ಅವಳಿಗೂ ಈಶ್ವರನಿಗೂ ಏನು ವ್ಯತ್ಯಾಸ? "ಒಪ್ಪಿದೆ ಸರ್," ಅಂದಳು. "ಬರೀ ಆವೃತ್ತಿ ಕಾರಣ ಅಲ್ಲ. ಇನ್ನೊಂದೇನೋ ಅದರ ಜೊತೆ ಸೇರಬೇಕು."

ಮತ್ತೆ ಹಾಳೆಗೆ ಬಾಗಿದಳು. ಆಪರೇಟರಿನ ನಂಬರಿನ ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಗುರುತಿತ್ತು: D4, D2, D4, D4. ಕಂಪನಿ ಕೊಟ್ಟ ಫೋನುಗಳ ನಂಬರು. op07 ಅಂದರೆ ಹೆಚ್ಚೂಕಡಿಮೆ ಯಾವಾಗಲೂ D4. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದಳು. ಹಾಳೆಯ ನಡುವೆ ಬೆರಳು ನಿಂತಿತು.

ಒಂದು ಬೆಳಗ್ಗೆ, ಆವೃತ್ತಿ ನಾಲ್ಕರಲ್ಲೇ, op07 D2ರಿಂದ ನರಸಪ್ಪ ಅಂತ ಹೊಡೆದಿದ್ದಾಳೆ. OK. ಅದರ ಬೆನ್ನಿಗೇ op03 D4ರಿಂದ ಅದೇ ಹೆಸರು ಹೊಡೆದಿದ್ದಾನೆ. NOT FOUND.

op03 ಅಂದರೆ ಸಂಜೀವಪ್ಪ. ಒಂದು ದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದಾಗ ಇಬ್ಬರ ಫೋನೂ ಅದಲು ಬದಲಾಗಿತ್ತೆಂದು ಅಕ್ಕ ನಗುತ್ತಾ ಹೇಳಿದ್ದು ಪವಿತ್ರನಿಗೆ ನೆನಪಾಯಿತು. ಆಗಿನ್ನೂ ಅಕ್ಕ ನಗುತ್ತಿದ್ದಳು.

"ಇಲ್ಲಿ ನೋಡಿ," ಅಂದಳು. ದನಿ ತಾನಾಗಿಯೇ ಏರಿತ್ತು. "ಅವತ್ತೊಂದಿನ ಇವರಿಬ್ಬರ ಕೈಲಿ ಫೋನು ಬದಲಾಗಿದೆ. ತಪ್ಪು ಮನುಷ್ಯರ ಜೊತೆ ಹೋಗ್ಲಿಲ್ಲ ಸರ್, ಫೋನಿನ ಜೊತೆ ಹೋಯ್ತು. op07 ಬೇರೆ ಫೋನಲ್ಲಿ ಹೊಡೆದ್ರೆ ಸರಿ. ಆ ಫೋನಲ್ಲಿ ಬೇರೆಯೋರು ಹೊಡೆದ್ರೂ ತಪ್ಪು. ಆಪರೇಟರನ್ನ ಈ ಲೆಕ್ಕದಿಂದ ಆಚೆಗೆ ತೆಗೀತೀನಿ."

ಕೃಷ್ಣವೇಣಿ ಮೇಡಂ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆ ಎರಡು ಸಾಲುಗಳನ್ನು ಅವರು ಮೊದಲ ಸಲ ನೋಡುತ್ತಿದ್ದರು ಅನ್ನುವುದು ಮುಖದಲ್ಲೇ ಗೊತ್ತಾಯಿತು.

"ಒಂದು ದಿನದ ಮಾತು ಹಿಡಕೊಂಡು..." ಅಂದ ಈಶ್ವರ್, ಗಡಿಯಾರ ನೋಡಿಕೊಂಡು. "ಅಲ್ರಿ, ಹೆಸರಿನ ಹಿಂದ ಮುಂದ ಒಂದು ಖಾಲಿ ಜಾಗ ಬಿದ್ದಿರತೈತಿ. ಅದನ್ನ ಕತ್ತರಿಸೋ ಒಂದು ಸಾಲು ಬರೀರಿ, ಮುಗೀತು. ನಿಮಗಿಂತ ಮೊದಲ ಬಂದೋರೆಲ್ಲಾರೂ ಅದನ್ನ ಬರದು ಹೋದ್ರು."

"ಎಲ್ಲರೂ ಬರೆದು ಹೋದ್ರಲ್ಲ, ಸರಿ ಹೋಯ್ತಾ ಸರ್?"

ಈಶ್ವರ್ ಮತ್ತೆ ಗಡಿಯಾರ ನೋಡಿದ. ಸರಿ ಹೋಗಿದ್ದರೆ ಅದನ್ನೇ ಪ್ರಶ್ನೆ ಅಂತ ಇಟ್ಟುಕೊಂಡು ಯಾಕೆ ಕೂರುತ್ತಿದ್ದ?

ಪವಿತ್ರ ಲ್ಯಾಪ್‌ಟಾಪ್ ಎಳೆದುಕೊಂಡಳು. "ಊಹೆ ಬೇಡ, ಕೇಳೋಣ. ಖಾಲಿ ಜಾಗ ಸೇರಿದ್ರೆ ಹೆಸರು ಉದ್ದ ಆಗ್ಬೇಕು. ಕಣ್ಣಿಗೆ ಕಾಣದ ಯಾವ ಗುರುತು ಸೇರಿದ್ರೂ ಉದ್ದ ಆಗ್ಬೇಕು." D4 ಹೊಡೆದ ನರಸಪ್ಪನನ್ನು ಲಾಗ್‌ನಿಂದ ತೆಗೆದು ಒಂದು ಕಡೆ ಇಟ್ಟಳು, ಪಟ್ಟಿಯಲ್ಲಿದ್ದ ನರಸಪ್ಪನನ್ನು ಇನ್ನೊಂದು ಕಡೆ. ಎರಡರ ಉದ್ದವನ್ನೂ ಯಂತ್ರಕ್ಕೆ ಕೇಳಿದಳು. ಇದೂ ಆರು, ಅದೂ ಆರು. ಎರಡೂ ಒಂದೇನಾ ಅಂತ ಕೇಳಿದಳು. ಅಲ್ಲ ಅಂತು ಯಂತ್ರ.

ಪರದೆಯ ಮೇಲೆ ಒಂದರ ಕೆಳಗೊಂದು ಎರಡು ನರಸಪ್ಪ. ಪವಿತ್ರ ಓದಿದಳು, ನರಸಪ್ಪ. ಕೆಳಗಿನದನ್ನು ಓದಿದಳು, ನರಸಪ್ಪ. ಈಶ್ವರ್ ಕುತ್ತಿಗೆ ಚಾಚಿ ಓದಿದ. ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು. ಮೂವರಿಗೂ ಒಂದೇ ನರಸಪ್ಪ. ಯಂತ್ರಕ್ಕೆ ಮಾತ್ರ ಇಬ್ಬರು.

"ಟೈಮ್ ಆತ್ರಿ," ಅಂದ ಈಶ್ವರ್. "ಇನ್ನೊಬ್ಬರು ಹೊರಗ ಕುಂತಾರ."

"ಕೂತಿರಲಿ," ಅಂದಳು ಪವಿತ್ರ.

ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಬಾಯಿಂದ ಹೋದದ್ದು ಹೋಯಿತು, ಈಗ ಹಿಂದೆ ಸರಿದರೆ ಇನ್ನೂ ಕೆಟ್ಟದು. "ಕೆಲಸ ಕೊಡ್ತೀರೋ ಬಿಡ್ತೀರೋ ಅದು ನಿಮ್ಮಿಷ್ಟ ಸರ್. ಒಬ್ಬರ ಮೇಲೆ ತಪ್ಪು ಹೊರಿಸಿದ ಹಾಳೇನ ಅರ್ಧಕ್ಕೆ ಬಿಟ್ಟು ನಾನು ಕುರ್ಚಿಯಿಂದ ಏಳಲ್ಲ."

ಈಶ್ವರನ ಮುಖ ಕೆಂಪಗಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಮೇಡಂ ಅಂದರು, "ಇರಲಿ ಸರ್. ನನಗೂ ಬೇಕು ಅದು. ಮುಂದೆ ಏನಮ್ಮಾ?"

"ಕಣ್ಣನ್ನ ನಂಬೋದು ಬಿಡ್ತೀನಿ ಮೇಡಂ. ಯಂತ್ರಕ್ಕೆ ಅಕ್ಷರ ಅಂದ್ರೆ ನಂಬರು. ಒಂದೊಂದು ಅಕ್ಷರದ ನಂಬರನ್ನೂ ಅದರ ಬಾಯಲ್ಲೇ ಹೇಳಿಸ್ತೀನಿ."

ಒಂದು ಸಾಲು ಬರೆದಳು, ಒತ್ತಿದಳು. ಪಟ್ಟಿಯ ನರಸಪ್ಪನ ಮೊದಲ ಅಕ್ಷರ 3112. ಫೋನಿನ ನರಸಪ್ಪನ ಮೊದಲ ಅಕ್ಷರ 3240. ಎರಡನೆಯದು, 3120 ಮತ್ತು 3248. ಮೂರನೆಯದು, 3128 ಮತ್ತು 3256. ಪವಿತ್ರ ಕಳೆದು ನೋಡಿದಳು. ನೂರ ಇಪ್ಪತ್ತೆಂಟು. ಮತ್ತೆ ನೂರ ಇಪ್ಪತ್ತೆಂಟು. ಆರಕ್ಕೆ ಆರೂ ಹಾಗೇ.

ಕೈ ತಪ್ಪಿ ಹೊಡೆದ ಅಕ್ಷರ ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. ಪವಿತ್ರ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು.

నరసప్ప
ನರಸಪ್ಪ

ಮೇಲಿನವನ ತಲೆಯ ಮೇಲೆ ಪುಟ್ಟ ಟಿಕ್ಕು ಗುರುತುಗಳು. ಕೆಳಗಿನವನ ತಲೆಯ ಮೇಲೆ ಅಡ್ಡಗೆರೆ. ಒಂದು ತೆಲುಗು, ಒಂದು ಕನ್ನಡ.

ಪವಿತ್ರನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತಮಾಷೆ ನೋಡಿ, ಎರಡರಲ್ಲಿ ಒಂದೇ ಲಿಪಿ ಬಲ್ಲವನು ಯಾರಾದರೂ ಆ ಮೇಜಿನ ಮುಂದೆ ಇದ್ದಿದ್ದರೆ ಮೊದಲ ನೋಟಕ್ಕೇ 'ಇದೇನು ಇದು ಬೇರೆ ಥರ ಇದೆ' ಅನ್ನುತ್ತಿದ್ದ. ಈ ಮೂವರೂ ಬಸ್ಸಿನ ಬೋರ್ಡಿನಿಂದ ಹಿಡಿದು ಮದುವೆ ಕಾಗದದವರೆಗೆ ಎರಡನ್ನೂ ಒಂದೇ ಉಸಿರಿನಲ್ಲಿ ಓದಿಕೊಂಡು ಬೆಳೆದವರು. ಯಾವುದನ್ನು ಓದುತ್ತಿದ್ದೇವೆ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ.

"ಪಟ್ಟಿ ತೆಲುಗಲ್ಲಿದೆ," ಅಂದಳು. "D4 ಕನ್ನಡದಲ್ಲಿ ಬರೀತಿದೆ. ಯಾಕೆ ಅಂದ್ರೆ..." ಬೆರಳು ಕೋಡ್ ಹಾಳೆಯ ಆ ಸಾಲಿಗೆ ಹೋಯಿತು. "ಇಲ್ಲಿ, ಯಾವ ಲಿಪಿಗೆ ತಿರುಗಿಸಬೇಕು ಅಂತ ಫೋನನ್ನ ಕೇಳ್ತಿದೆ ಕೋಡ್. ಫೋನಿನ ಭಾಷೆ ಕನ್ನಡ ಆದ್ರೆ ಹೆಸರೂ ಕನ್ನಡ ಆಗುತ್ತೆ. ಮಿಕ್ಕೋರ ಫೋನು ತೆಲುಗಲ್ಲಿವೆ, ಅದಕ್ಕೇ ಅವರದೆಲ್ಲ ಸಿಗುತ್ತೆ. ಮೂರನೇ ಆವೃತ್ತಿಯಲ್ಲಿ ಈ ಸಾಲು ಹೀಗಿರಲಿಲ್ಲ ಅಂತ ನನ್ನ ಅನುಮಾನ."

"ಇರಲಿಲ್ಲ," ಅಂದರು ಮೇಡಂ ಮೆಲ್ಲಗೆ. "ಮೂರರಲ್ಲಿ ಯಾವಾಗಲೂ ತೆಲುಗು ಅಂತಲೇ ಇತ್ತು. ನೋಟೀಸು ಬರೆಯೋಕೆ ಅವರವರ ಭಾಷೆ ಇರಲಿ ಅಂತ ನಾನೇ ಬದಲಾಯಿಸಿದೆ, ಎಲ್ಲ ಕಡೆಗೂ ಒಂದೇ ಸಲ. ಆ ಸಾಲು ನನ್ನದಮ್ಮಾ."

ಈಶ್ವರ್ ಕುರ್ಚಿಗೆ ಒರಗಿದ. "ಹಂಗಾದ್ರ ಆಕೀ ಫೋನು ಕನ್ನಡದಾಗ ಇಟಗೊಂಡಿದ್ದ ತಪ್ಪು. ಕೊಡೋವಾಗ ತೆಲುಗಿನಾಗ ಕೊಟ್ಟಿದ್ವಿ. ಕೊನಿಗೂ ಆಪರೇಟರಂದ ತಪ್ಪು ಅಂದಂಗಾತು."

ಅಲ್ಲಿಯವರೆಗೆ ಹಲ್ಲು ಕಚ್ಚಿ ಕುಳಿತಿದ್ದ ಪವಿತ್ರನಿಗೆ ಈಗ ತಡೆಯಲಾಗಲಿಲ್ಲ.

"ಕನ್ನಡದಲ್ಲಿ ಫೋನ್ ಇಟ್ಕೊಳ್ಳೋದು ತಪ್ಪಲ್ಲ ಸರ್! ಅವರ ಮನೆಮಾತು ಅದು, ಓದೋಕೆ ಸಲೀಸು ಅಂತ ಇಟ್ಕೊಂಡಿರ್ತಾರೆ. ನರಸಪ್ಪ ಅನ್ನೋ ಹೆಸರು ಫೋನಿಂದಲ್ಲ, ಪಟ್ಟೀದು. ಪಟ್ಟೀನ ಕೇಳಬೇಕಾದ ಮಾತನ್ನ ಕೋಡ್ ಫೋನನ್ನ ಕೇಳಿದೆ. ಅಷ್ಟೇ ಬಗ್. ನಿಮ್ಮ ಫೋನ್ ಕೊಡಿ."

"ನಂದ್ಯಾಕ?"

"ಕಾರಣ ಸಿಕ್ತು ಅಂದ್ಮೇಲೆ ಅದನ್ನ ಬೇಕಾದಾಗ ಮಾಡಿ ತೋರಿಸ್ಬೇಕಲ್ಲ. ನಿಮ್ಮ ಫೋನಲ್ಲಿ ಯಾವತ್ತೂ ಸರಿಯಾಗಿ ಸಿಗುತ್ತಲ್ವಾ? ಈಗೊಂದ್ಸಲ ಹೊಡೀರಿ."

ಈಶ್ವರ್ ತನ್ನ ಫೋನಿನಲ್ಲಿ ನರಸಪ್ಪ ಅಂತ ಹೊಡೆದ. OK. ಗೆದ್ದವನ ಹಾಗೆ ನೋಡಿದ. ಪವಿತ್ರ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಅವನ ಕೈಗೇ ವಾಪಸು ಕೊಟ್ಟಳು. "ಬೇರೇನೂ ಮುಟ್ಟಿಲ್ಲ. ಅದೇ ಹೆಸರು, ಅದೇ ಕೈ."

ಅವನು ಒಂದೊಂದೇ ಅಕ್ಷರ ನೋಡಿ ನೋಡಿ ಹೊಡೆದ. NOT FOUND. ಮತ್ತೆ ಹೊಡೆದ, ಇನ್ನೂ ನಿಧಾನಕ್ಕೆ. NOT FOUND.

"ನಿಮಗೂ ನರಸಪ್ಪ ಅಂತ ಬರೆಯೋಕೆ ಬರಲ್ಲ ಸರ್," ಅಂದಳು ಪವಿತ್ರ. "ನಿಮ್ಮನ್ನೂ ಕೆಲಸದಿಂದ ತೆಗೀಬೇಕಾ?"

ಲ್ಯಾಪ್‌ಟಾಪಿನಲ್ಲಿ ಆ ಸಾಲಿನ phone.lang ಅಳಿಸಿ ಅಲ್ಲಿ list.lang ಅಂತ ಬರೆದಳು, ಫೋನಿನ ಭಾಷೆಯ ಬದಲು ಪಟ್ಟಿಯ ಭಾಷೆ. ಲಾಗ್‌ನಲ್ಲಿ ಕಳೆದುಹೋಗಿದ್ದ ಹೆಸರುಗಳನ್ನೆಲ್ಲ, ಫೋನಿನ ಭಾಷೆ ಕನ್ನಡ ಅಂತಲೇ ಇಟ್ಟು, ಮತ್ತೆ ಹೊಡೆಸಿದಳು. ನರಸಪ್ಪ ಸಿಕ್ಕಿದ. ತಿಪ್ಪಮ್ಮ ಸಿಕ್ಕಳು. ಗೋಪಾಲಪ್ಪ ಸಿಕ್ಕಿದ. ಆಮೇಲೆ ತೆಲುಗು ಅಂತ ಇಟ್ಟು ಇನ್ನೊಂದು ಸಲ ಹೊಡೆಸಿದಳು, ಇದನ್ನು ಸರಿಮಾಡಲು ಹೋಗಿ ಅದು ಕೆಡಬಾರದಲ್ಲ. ಅದೂ ಸಿಕ್ಕಿತು.

ಈಶ್ವರ್ ಫೋನು ಕೆಳಗಿಟ್ಟು ಮುಖ ಒರೆಸಿಕೊಂಡ. ಸೋಲು ಒಪ್ಪಿಕೊಳ್ಳುವುದು ಅವನಿಗೆ ಅಭ್ಯಾಸವಿರಲಿಲ್ಲ, ಆದರೆ ಕಣ್ಣೆದುರಿನದನ್ನು ಇಲ್ಲ ಅನ್ನುವಷ್ಟು ಕೆಟ್ಟವನೂ ಅಲ್ಲ. "ಭಾಳ ಜೋರದೀರಿ," ಅಂದ. "ಸೋಮವಾರದಿಂದ ಬರ್ರಿ."

"op07 ಬಂದ್ರೆ ನಾನೂ ಬರ್ತೀನಿ," ಅಂದಳು ಪವಿತ್ರ. "ಅವರು ನಮ್ಮಕ್ಕ."

ಮೇಡಂ ಕನ್ನಡಕ ತೆಗೆದರು. ಈಶ್ವರ್ ಒಮ್ಮೆ ಹಾಳೆ ನೋಡಿದ, ಒಮ್ಮೆ ಅವಳನ್ನು ನೋಡಿದ. "ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರೆ ಈ ಎರಡು ಸಾಲು ನೋಡ್ತಿದ್ರಾ ನೀವು?"

ಈಶ್ವರ್ ಮಂಜುಳನಿಗೆ ತಾನೇ ಫೋನ್ ಮಾಡಿ ಕರೆಯುತ್ತೇನೆ ಅಂದ, ಕೆಲಸ ವಾಪಸು ಕೊಡುತ್ತೇನೆ ಅಂದ. ಪವಿತ್ರ ತಲೆಯಾಡಿಸಿದಳು. "ಕೆಲಸದ್ದು ಅಕ್ಕನ್ನ ಕೇಳಿ. ಮೊದಲು ನೋಟೀಸು. ತಪ್ಪು ಅವಳದು ಅಂತ ಎಲ್ಲರ ಮುಂದೆ ಹಾಕಿದ್ರಿ, ತಪ್ಪು ನಿಮ್ಮದು ಅಂತಲೂ ಎಲ್ಲರ ಮುಂದೆ ಹಾಕಿ. ಅದೇ ಪುಟದಲ್ಲಿ. ಈಗಲೇ."

"ಹಾಕಿ ಸರ್," ಅಂದರು ಮೇಡಂ. "ಕೆಳಗೆ ನನ್ನ ಹೆಸರೂ ಹಾಕಿ."

ಈಶ್ವರ್ ಫೋನು ಎತ್ತಿಕೊಂಡು, ಎಲ್ಲ ಆಪರೇಟರುಗಳಿಗೂ ಅರ್ಥವಾಗಲಿ ಅಂತ ತೆಲುಗಿನಲ್ಲೇ ಮಾತು ಜೋಡಿಸಿ, ಇಂಗ್ಲಿಷ್ ಅಕ್ಷರದಲ್ಲಿ ಟಪಟಪ ಹೊಡೆದು ಕಳಿಸಿದ. ಕಳಿಸಿದ್ದನ್ನು ಒಮ್ಮೆ ಓದಿದ, ಸರಿಯಾಗಿದೆ ಅಂತ ತಲೆದೂಗಿದ. ಪವಿತ್ರ ಅವನ ಹೆಗಲ ಮೇಲಿಂದ ಓದಿದಳು. ನಗು ತಡೆಯಲು ತುಟಿ ಕಚ್ಚಿಕೊಂಡಳು. ಹಾಗೇ ಮೆಟ್ಟಿಲಿಳಿದಳು.

ಬಸ್ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ಬಾಯಿಗಿಟ್ಟಿದ್ದಳಷ್ಟೇ, ಮಂಜುಳನ ಫೋನು ಬಂತು. ಸಂಜೀವಪ್ಪ ನೋಟೀಸಿನ ಫೋಟೋ ಕಳಿಸಿದ್ದನಂತೆ. ಆಮೇಲೆ ನರಸಪ್ಪನೇ ಮನೆ ಬಾಗಿಲಿಗೆ ಬಂದಿದ್ದನಂತೆ, ಏನಮ್ಮಾ ನನ್ನ ಹೆಸರು ಕಳೆದುಹಾಕಿದ್ದು ಕಂಪನಿಯೋರಂತಲ್ಲ ಅಂತ ಕೇಳಿಕೊಂಡು. ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಬಸ್ಸುಗಳ ಗದ್ದಲದಲ್ಲಿ ತಿಳಿಯಲಿಲ್ಲ.

"ಕೆಲಸಕ್ಕೆ ಬಾ ಅಂತ ಅವರೇ ಫೋನ್ ಮಾಡಿದ್ರು ಕಣೇ," ಅಂದಳು ಮಂಜುಳ. "ಬತ್ತೀನಿ, ಆದ್ರೆ ನನ್ ಫೋನು ಕನ್ನಡದಲ್ಲೇ ಇರ್ತದೆ ಅಂದೆ. ಅದಿರ್ಲಿ, ಈ ನೋಟೀಸು ನೋಡ್ದಾ ನೀನು?"

ಆಮೇಲೆ ಅವಳು ಅದನ್ನು ಗಟ್ಟಿಯಾಗಿ ಓದಿದಳು, ಅಂಗಳದಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. "'ಮಂಜುಳಗಾರು ರಾಸಿನ ಪೇರ್ಲಲೋ ತಪ್ಪು ಲೇದು. ತಪ್ಪು ಮಾ ಯಾಪ್‌ಲೋ ಉಂದಿ. ಕ್ಷಮಿಂಚಂಡಿ.'" ಮಂಜುಳ ಬರೆದ ಹೆಸರುಗಳಲ್ಲಿ ತಪ್ಪಿಲ್ಲ, ತಪ್ಪು ನಮ್ಮ ಆ್ಯಪಿನಲ್ಲಿದೆ, ಕ್ಷಮಿಸಿ. ಮಾತೆಲ್ಲ ತೆಲುಗು, ಅಕ್ಷರವೆಲ್ಲ ಕನ್ನಡ. ಈಶ್ವರ್ ತನ್ನ ಫೋನಿನ ಭಾಷೆಯನ್ನು ಇನ್ನೂ ತೆಲುಗಿಗೆ ತಿರುಗಿಸಿಕೊಂಡಿರಲಿಲ್ಲ.

"ಅಯ್ಯೋ ಪವೀ," ಅಂದಳು ಮಂಜುಳ, ಎಷ್ಟೋ ದಿನದ ಮೇಲೆ ತನ್ನ ಹಳೆಯ ದನಿಯಲ್ಲಿ, "ನಿಮ್ಮ ಸಾರ್‌ಗೆ ಬರೆಯಾಕೇ ಬರಲ್ವಲ್ಲೇ!"